ಕನ್ನಡ ಅಂಕಿಯನ್ನು ಕೀಲಿಮಣೆಯಿಂದ ಹೊಡೆಯಬೇಡಿ

ಮಾರ್ಚ್ ಬಂತೆಂದರೆ ಉಡುಪಿ, ಮಂಗಳೂರು ಸುತ್ತಿನ ಪಂಚಾಯತ್‌ಗಳ, ಸಹಕಾರಿ ಸಂಘಗಳ ಆಯವ್ಯಯ ಪತ್ರಗಳು ಮುದ್ರಣಕ್ಕೆ ಹೊರಡುತ್ತವೆ. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್. ಪ್ರತಿ ವರ್ಷವೂ ಅವುಗಳಲ್ಲಿ ಒಂದೇ ತಪ್ಪು ಮರುಕಳಿಸುತ್ತದೆ: ಕನ್ನಡ ಪುಟದ ಮೊತ್ತಗಳನ್ನು ಯಾರೋ ೧, ೨, ೩ ಎಂದು ಕೀಲಿಮಣೆಯಿಂದಲೇ ಹೊಡೆದಿರುತ್ತಾರೆ. ಎಷ್ಟು ಸಲ ಹೇಳಿದರೂ ಇದು ನಿಂತಿಲ್ಲ. ಆದ್ದರಿಂದ ಇಲ್ಲಿ ಮುಖ್ಯವಾಗಿ ಇದನ್ನೇ ಬಿಡಿಸಿ ಹೇಳುತ್ತೇನೆ.

ಎಕ್ಸೆಲ್‌ನ ಮಟ್ಟಿಗೆ 1860000 ಒಂದು ಬೆಲೆ. ಕೀಲಿಮಣೆಯಿಂದ ಹೊಡೆದ ೧೮,೬೦,೦೦೦ ಸಾಮಾನ್ಯವಾಗಿ ಬರೀ ಅಕ್ಷರಗಳ ಸಾಲು, ‘ದಾರಿದೀಪ’ ಎಂದು ಬರೆದ ಹಾಗೆ. ಕನ್ನಡ ಅಂಕಿಗೆ ಯೂನಿಕೋಡ್‌ನಲ್ಲಿ ಬೇರೆಯೇ ಸಂಕೇತಗಳಿವೆ, 0CE6ರಿಂದ 0CEFರವರೆಗೆ. ಕಣ್ಣಿಗೆ ಎರಡೂ ಸಂಖ್ಯೆಯೇ, ಲೆಕ್ಕಕ್ಕೆ ಹಾಗಲ್ಲ.

ಒಂದು ಪುಟ್ಟ ಜಮೆ ಪಟ್ಟಿ ತೆಗೆದುಕೊಳ್ಳೋಣ. ಆರಂಭಿಕ ಶಿಲ್ಕು 3,48,210. ಸ್ವಂತ ತೆರಿಗೆ 18,60,000. ಅನುದಾನ 41,25,000. ಒಟ್ಟು 63,33,210 ಬರಬೇಕು. ಇದರಲ್ಲಿ ತೆರಿಗೆಯ ಮೊತ್ತವೊಂದನ್ನು ಕನ್ನಡ ಅಂಕಿಯಲ್ಲಿ ಹೊಡೆದಿದ್ದರೆ `SUM` ಕೊಡುವ ಉತ್ತರ 44,73,210. ಅಂದರೆ 18,60,000 ರೂಪಾಯಿ ಮಾಯ. ಪರದೆಯ ಮೇಲೆ ಎಚ್ಚರಿಕೆಯೂ ಬರುವುದಿಲ್ಲ, ಏಕೆಂದರೆ `SUM` ಅಕ್ಷರವಿರುವ ಕೋಶವನ್ನು ಸುಮ್ಮನೆ ದಾಟಿ ಹೋಗುತ್ತದೆ. ಇಂಗ್ಲಿಷ್ ಪುಟವನ್ನು ಬೇರೆಯಾಗಿ ಟೈಪ್ ಮಾಡಿದ್ದರೆ ಅಲ್ಲಿ 63,33,210 ಸರಿಯಾಗಿಯೇ ಇರುತ್ತದೆ. ಒಂದೇ ಪತ್ರದಲ್ಲಿ ಎರಡು ಮೊತ್ತ! ಸಭೆಯಲ್ಲಿ ಎದ್ದು ನಿಂತು ಕೇಳುವ ಸದಸ್ಯರಿಗೆ ಗುಮಾಸ್ತರು ಏನು ಹೇಳಬೇಕು?

ಪತ್ತೆ ಹಚ್ಚುವುದು ಕಷ್ಟವಲ್ಲ. ಮೊತ್ತದ ಕಾಲಂನ ಕೆಳಗೆ ಖಾಲಿ ಜಾಗದಲ್ಲಿ ಇದನ್ನು ಹಾಕಿ:

```
=COUNT(C4:C6)
```

ಮೂರು ಬಾಬ್ತಿಗೆ 3 ಬರಬೇಕು. 2 ಬಂದರೆ ಒಂದು ಕೋಶ ಅಕ್ಷರವಾಗಿದೆ ಎಂದರ್ಥ. ಜೋಡಣೆಯನ್ನು ನೀವು ಬದಲಿಸಿಲ್ಲದಿದ್ದರೆ ಆ ಮೊತ್ತ ಕೋಶದ ಎಡಕ್ಕೆ ಅಂಟಿಕೊಂಡಿರುತ್ತದೆ, ಉಳಿದವು ಬಲಕ್ಕೆ. ಅದಕ್ಕೇ ಲೆಕ್ಕ ಮುಗಿಯುವವರೆಗೆ ಯಾವ ಕಾಲಂನ್ನೂ ಕೈಯಾರೆ ಬಲಕ್ಕೆ ಜೋಡಿಸಬೇಡಿ. ಜೋಡಿಸಿದರೆ ಆ ಗುರುತು ಅಳಿಸಿಹೋಗುತ್ತದೆ.

ಸರಿಯಾದ ದಾರಿ ಹೀಗಿದೆ. ಎಲ್ಲ ಮೊತ್ತವನ್ನೂ ಒಂದೇ ಹಾಳೆಯಲ್ಲಿ, 0–9 ಅಂಕಿಯಲ್ಲಿ, ಒಂದೇ ಸಲ ಹೊಡೆಯಿರಿ. ಆ ಹಾಳೆಗೆ `English` ಎಂದು ಹೆಸರಿಟ್ಟಿದ್ದರೆ ಕನ್ನಡ ಹಾಳೆಯ ಕೋಶದಲ್ಲಿ `=English!C4` ಎಂದಷ್ಟೇ ಇರಲಿ. ಆಮೇಲೆ ಕನ್ನಡ ಹಾಳೆಯ ಮೊತ್ತಗಳನ್ನು ಆರಿಸಿ, Ctrl+1 ಒತ್ತಿ, Number ಅಡಿಯಲ್ಲಿ Custom ತೆರೆದು ಇದನ್ನು ಬರೆಯಿರಿ:

```
[$-B00044B]#,##0
```

ಇಲ್ಲಿ 44B ಕನ್ನಡದ ಭಾಷಾ ಸಂಕೇತ, ಎಲ್ಲಕ್ಕಿಂತ ಮೊದಲು ಬರುವ B ಕನ್ನಡ ಅಂಕಿ ಬೇಕೆಂದು ಹೇಳುತ್ತದೆ. ಕೋಶದೊಳಗೆ 1860000 ಹಾಗೆಯೇ ಉಳಿದು ಹೊರಗೆ ಮಾತ್ರ ಕನ್ನಡ ಅಂಕಿ ಕಾಣುತ್ತದೆ. ಕೂಡಿಸುವುದು, ಶೇಕಡಾ ತೆಗೆಯುವುದು ಎಲ್ಲ ಎಂದಿನಂತೆ ನಡೆಯುತ್ತದೆ. ಲಿಬ್ರೆ ಆಫೀಸ್ ಬಳಸುವವರಿಗೆ:

```
[NatNum1][$-44B]#,##,##0
```

ಎಕ್ಸೆಲ್‌ನಲ್ಲಿ ಅಲ್ಪವಿರಾಮ ಲಕ್ಷ–ಕೋಟಿಯ ಜಾಗದಲ್ಲಿ ಬೀಳುವುದು ವಿಂಡೋಸ್‌ನ Region ಅಡಿಯ Digit grouping 12,34,56,789 ಎಂದಿದ್ದರೆ ಮಾತ್ರ. ಅದು ಆಯಾ ಕಂಪ್ಯೂಟರಿನ ಗುಣ, ಕಡತದ ಜೊತೆ ಹೋಗುವುದಿಲ್ಲ. ಪ್ರೆಸ್‌ನಲ್ಲಿ ತೆರೆದಾಗ 1,860,000 ಎಂದು ಕಂಡರೆ ಗಾಬರಿ ಬೇಡ, ಆದರೆ ಅಲ್ಲಿಂದ ಮುದ್ರಿಸಲೂ ಬೇಡಿ. ನಿಮ್ಮಲ್ಲೇ ಪಿಡಿಎಫ್ ಮಾಡಿ ಕಳುಹಿಸಿ.

ಈಗಾಗಲೇ ಕನ್ನಡ ಅಂಕಿ ಹೊಡೆದಾಗಿದೆಯೇ? ಮೊತ್ತದ ಕಾಲಂಗಳನ್ನು ಮಾತ್ರ ಆರಿಸಿ, ಕೋಶದ ನಮೂನೆಯನ್ನು General ಮಾಡಿ, Ctrl+Hನಲ್ಲಿ ಮೊದಲು ಅಲ್ಪವಿರಾಮ ತೆಗೆಯಿರಿ. ಆಮೇಲೆ ೦ಗೆ 0, ೧ಕ್ಕೆ 1 ಎಂದು ಹತ್ತು ಸಲ ಬದಲಿಸಿ, ಕೊನೆಗೆ `COUNT` ನೋಡಿ. ಇನ್ನೂ ಕಡಿಮೆ ಬಂದರೆ ಸೊನ್ನೆಯ ಜಾಗದಲ್ಲಿ ಅನುಸ್ವಾರ ಕೂತಿರಬಹುದು. ೦ ಮತ್ತು ಂ ಕಾಗದದ ಮೇಲೆ ಅವಳಿಗಳಂತೆ ಕಂಡರೂ ಸಂಕೇತ ಬೇರೆ. ಇದರ ತಿರುಗುಮುರುಗೂ ಆಗುತ್ತದೆ: ‘ಪಂಚಾಯತ್’ ಎಂಬಲ್ಲಿ ಸೊನ್ನೆ ಹಾಕಿ ‘ಪ೦ಚಾಯತ್’ ಎಂದು ಬರೆದಿದ್ದರೆ ಹುಡುಕಿದಾಗ ಸಿಗುವುದಿಲ್ಲ, ಬಾಬ್ತಿನ ಹೆಸರು ಹಿಡಿದು ಮೊತ್ತ ತರುವ `VLOOKUP` ಕೂಡ ಸೋಲುತ್ತದೆ.

ಫಾಂಟ್ ವಿಷಯದಲ್ಲಿ ನನ್ನ ಸಲಹೆ, ಎರಡೂ ಭಾಷೆಗೆ Nirmala UI ಒಂದನ್ನೇ ಇಡಿ. ಅದರಲ್ಲಿ ಕನ್ನಡವೂ ಇಂಗ್ಲಿಷ್ ಅಕ್ಷರವೂ ಇವೆ. Calibri ಆರಿಸಿ ಕನ್ನಡ ಬರೆದರೆ ಅದರಲ್ಲಿ ಕನ್ನಡ ಇಲ್ಲದ್ದರಿಂದ ಕಂಪ್ಯೂಟರು ತನಗೆ ತೋಚಿದ ಬೇರೆ ಫಾಂಟ್ ತರುತ್ತದೆ, ಇನ್ನೊಂದು ಕಂಪ್ಯೂಟರಿನಲ್ಲಿ ಅಳತೆ ಬದಲಾಗಬಹುದು. ಹಳೆಯ ನುಡಿ ಫಾಂಟ್‌ನ ಕಡತಗಳನ್ನು ಇದರೊಂದಿಗೆ ಬೆರೆಸಬೇಡಿ. ಅಲ್ಲಿ ‘ಕನ್ನಡ’ ಎಂಬ ಪದ ಒಳಗೆ `PÀ£ÀßqÀ` ಎಂದೇ ಇರುತ್ತದೆ, ಫಾಂಟ್ ಬದಲಾದ ಕ್ಷಣ ಬಯಲಾಗುತ್ತದೆ. ಮೊದಲು ಪರಿವರ್ತಕದಿಂದ ಯೂನಿಕೋಡ್‌ಗೆ ತನ್ನಿ.

ಇನ್ನು ಕಾಲಂ ಅಗಲ. ಎಕ್ಸೆಲ್ ಅಗಲವನ್ನು ಅಳೆಯುವುದು ಮೂಲ ಶೈಲಿಯ ಫಾಂಟ್‌ನ 0 ಅಂಕಿಯ ಅಗಲದಲ್ಲಿ. ಕನ್ನಡ ಅಂಕಿ ಅದಕ್ಕಿಂತ ಅಗಲವಾಗಿದ್ದರೆ ಇಂಗ್ಲಿಷ್ ಹಾಳೆಯಲ್ಲಿ ಹಿಡಿಸಿದ ಮೊತ್ತ ಕನ್ನಡ ಹಾಳೆಯಲ್ಲಿ `#####` ಆಗುತ್ತದೆ. ಪರದೆಯಲ್ಲಿ ಸರಿಯಿದ್ದು ಮುದ್ರಣದಲ್ಲಿ ಹೀಗಾಗುವುದೂ ಉಂಟು, ಏಕೆಂದರೆ ಪ್ರಿಂಟರಿನ ಅಳತೆ ಪರದೆಯದ್ದಲ್ಲ. ಆದ್ದರಿಂದ ಅಗಲವನ್ನು ಸಾಮಾನ್ಯ ಸಾಲಿನಿಂದಲ್ಲ, ದಪ್ಪಕ್ಷರದ ಒಟ್ಟು ಸಾಲಿನಿಂದ ನಿರ್ಧರಿಸಿ, ಒಂದೂವರೆ ಅಂಕಿಯಷ್ಟು ಹೆಚ್ಚು ಬಿಡಿ. ಅಂಕಿಗಳೆಲ್ಲ ಒಂದೇ ಅಗಲವೇ ಎಂದು ತಿಳಿಯಲು 1111111 ಮತ್ತು 8888888ನ್ನು ಕನ್ನಡ ನಮೂನೆಯಲ್ಲಿ ಮೇಲೆ ಕೆಳಗೆ ಇಟ್ಟು ನೋಡಿ. ಎಡ ಅಂಚು ಹೊಂದದಿದ್ದರೆ ಆ ಫಾಂಟ್‌ನಲ್ಲಿ ಹತ್ತರ, ನೂರರ ಸ್ಥಾನಗಳು ಸಾಲಾಗಿ ನಿಲ್ಲುವುದಿಲ್ಲ.

ಎರಡು ಭಾಷೆಯ ಬಾಬ್ತುಗಳೂ ಒಂದೇ ಪುಟದಲ್ಲಿ ಬೇಕೆಂದರೆ ಎ4 ಹಾಳೆಯ 210 ಮಿ.ಮೀ.ನಲ್ಲಿ ಹೊಲಿಗೆ ಬದಿಗೆ 25, ಇನ್ನೊಂದು ಬದಿಗೆ 15 ಬಿಟ್ಟರೆ ಉಳಿಯುವುದು 170. ಕ್ರಮಸಂಖ್ಯೆಗೆ 8, ಕನ್ನಡ ಬಾಬ್ತಿಗೆ 52, ಇಂಗ್ಲಿಷ್‌ಗೆ 38, ಮೂರು ವರ್ಷದ ಮೊತ್ತಕ್ಕೆ ತಲಾ 24 ಕೊಟ್ಟರೆ ಸರಿಹೊಂದುತ್ತದೆ. ‘ತೋಡಿನ ಹೂಳೆತ್ತುವಿಕೆ ಮತ್ತು ಕಿಂಡಿ ಅಣೆಕಟ್ಟಿನ ಹಲಗೆ ಜೋಡಣೆ’ ಎಂಬಂಥ ಬಾಬ್ತು ಎರಡು ಸಾಲಿಗೆ ಇಳಿಯುತ್ತದೆ, ಇಳಿಯಲಿ. ಅದನ್ನು ಒಂದೇ ಸಾಲಿಗೆ ತುರುಕಲು ಅಕ್ಷರ ಕುಗ್ಗಿಸಬೇಡಿ. ಸಾಲಿನ ಎತ್ತರ 10 ಪಾಯಿಂಟ್ ಅಕ್ಷರಕ್ಕೆ 18ಕ್ಕಿಂತ ಕಡಿಮೆಯಾದರೆ ‘ಟ್ಟಿ’, ‘ತ್ತು’ಗಳ ಒತ್ತು ಕೆಳಗೆರೆಗೆ ತಾಗಬಹುದು, ಕೆಲವೊಮ್ಮೆ ಕತ್ತರಿಸಿಯೇ ಹೋಗಬಹುದು. ಬೆಸೆದ ಕೋಶಗಳಲ್ಲಿ ಎತ್ತರ ತಾನಾಗಿ ಹೊಂದಿಕೊಳ್ಳುವುದಿಲ್ಲ, ಅಲ್ಲಿ ಕೈಯಾರೆ ಕೊಡಬೇಕು.

ಪಿಡಿಎಫ್ ಆದ ಮೇಲೆ ಅಡೋಬಿ ರೀಡರ್‌ನಲ್ಲಿ Ctrl+D ಒತ್ತಿ Fonts ನೋಡಿ. ಪ್ರತಿ ಫಾಂಟ್‌ನ ಮುಂದೆ Embedded ಅಥವಾ Embedded Subset ಎಂದಿರಬೇಕು. ಬಳಿಕ ಒಟ್ಟು ಮೊತ್ತದ ಪುಟವೊಂದನ್ನು Actual sizeನಲ್ಲಿ ಮುದ್ರಿಸಿ, ಕ್ಯಾಲ್ಕುಲೇಟರ್ ಹಿಡಿದು ಕಾಗದದ ಮೇಲಿನ ಕನ್ನಡ ಅಂಕಿಗಳನ್ನೇ ಓದಿ ಕೂಡಿಸಿ. ಇಂಗ್ಲಿಷ್ ಪುಟದ ಮೊತ್ತಕ್ಕೆ ತಾಳೆಯಾದರೆ ಪ್ರೆಸ್‌ಗೆ ಕೊಡಿ.