ಸಾಲದ ಅಸಲಿ ಖರ್ಚು: ತೆರಿಗೆ ಕಳೆದ ಮೇಲೆ ಎಷ್ಟು?

ಚಳ್ಳಕೆರೆಯಲ್ಲಿ ಒಂದು ಎಣ್ಣೆ ಗಿರಣಿ ಇದೆ, ಅದು ಪ್ರೈವೇಟ್ ಲಿಮಿಟೆಡ್ ಕಂಪನಿ ಅಂದುಕೊಳ್ಳೋಣ. ಹೊಸ ಯಂತ್ರಕ್ಕೆ 1 ಕೋಟಿ ಸಾಲ ಬೇಕು. ಡಿಸ್ಕೌಂಟ್ ರೇಟ್ ಅಂದರೆ ಯೋಜನೆಯಿಂದ ಮುಂದೆ ಬರುವ ಹಣವನ್ನು ಇವತ್ತಿನ ಬೆಲೆಗೆ ಇಳಿಸುವ ದರ; ಅದನ್ನು ಹಾಕುವಾಗ ಸಾಲದ ಭಾಗಕ್ಕೆ ಎಷ್ಟು ಶೇಕಡಾ ಬರೆಯಬೇಕು?

ಲೆಕ್ಕದ ಪುಸ್ತಕದಲ್ಲಿ ಹಳೇ ಸಾಲ 8.5% ಅಂತಿದೆ. ಕೈ ಸೀದಾ ಅಲ್ಲಿಗೇ ಹೋಗುತ್ತದೆ. ಆದರೆ ಆ ದರ ಆವತ್ತಿನದು. ಹೊಸ ಯಂತ್ರಕ್ಕೆ ದುಡ್ಡು ಬರುವುದು ಇವತ್ತಿನ ದರದಲ್ಲಿ. ಬ್ಯಾಂಕ್ ಈಗ 10% ಕೇಳುತ್ತಿದೆ, ಜೊತೆಗೆ 1% ಪ್ರೊಸೆಸಿಂಗ್ ಫೀ. ಅಂದರೆ ಕೈಗೆ ಬರುವುದು 99 ಲಕ್ಷ. ವರ್ಷಕ್ಕೆ 10 ಲಕ್ಷ ಬಡ್ಡಿ ಕಟ್ಟಬೇಕು, 5 ವರ್ಷದ ಕೊನೆಗೆ ಪೂರ್ತಿ 100 ಲಕ್ಷ ಅಸಲು ಕೊಡಬೇಕು. ಎಕ್ಸೆಲ್‌ನಲ್ಲಿ ಹೀಗೆ ಹಾಕಿ:

```
=RATE(5,-10,99,-100)
```

ಉತ್ತರ ಸುಮಾರು 10.27%. ಫೀ ಸೇರಿದ ನಿಜವಾದ ದರ ಇದು.

ಈಗ ತೆರಿಗೆ. 2019ರಲ್ಲಿ ಬಂದ 22% ದರವನ್ನು ಈ ಕಂಪನಿ ಆರಿಸಿಕೊಂಡಿದೆ ಅನ್ನೋಣ. ಸುಮ್ನೆ 22 ಅಂತ ಹಾಕಬೇಡಿ. ಅದರ ಮೇಲೆ 10% ಸರ್ಚಾರ್ಜ್, ಆ ಮೊತ್ತದ ಮೇಲೆ 4% ಸೆಸ್ ಸೇರಿ 25.168% ಆಗುತ್ತದೆ. 10 ಲಕ್ಷ ಬಡ್ಡಿ ಕಟ್ಟಿದರೆ ತೆರಿಗೆಗೆ ಸಿಗುವ ಲಾಭ ಅಷ್ಟು ಇಳಿಯುತ್ತದೆ, ತೆರಿಗೆಯಲ್ಲಿ ₹2,51,680 ಉಳಿಯುತ್ತದೆ. ಜೇಬಿನಿಂದ ನಿಜಕ್ಕೂ ಹೋಗುವುದು ₹7,48,320. ಫೀ ಸೇರಿಸಿದ ದರಕ್ಕೂ ಇದೇ ಲೆಕ್ಕ:

```
10.27% × (1 − 0.25168) ≈ 7.7%
```

ಹಳೇ 8.5% ಹಿಡಿದಿದ್ದರೆ 6.4% ಬರುತ್ತಿತ್ತು. ಬಂಡವಾಳದಲ್ಲಿ ಸಾಲದ ಪಾಲು 60% ಇದ್ದರೆ ಡಿಸ್ಕೌಂಟ್ ರೇಟೇ ಸುಮಾರು 0.8 ಅಂಶ ಕಮ್ಮಿಯಾಗಿ, ಸುಮಾರಾದ ಯೋಜನೆಯೂ ಒಳ್ಳೇದಾಗಿ ಕಾಣುತ್ತಿತ್ತು.

ಇದೆಲ್ಲ ನಿಲ್ಲುವುದು ಒಂದೇ ನಂಬಿಕೆಯ ಮೇಲೆ: ಕಂಪನಿಗೆ ತೆರಿಗೆ ಕಟ್ಟುವಷ್ಟು ಲಾಭ ಇದೆ. ಲಾಭವೇ ಇಲ್ಲದ ವರ್ಷ ಬಡ್ಡಿಯಿಂದ ಉಳಿಯುವ ತೆರಿಗೆ ಎಲ್ಲಿಂದ ಬರಬೇಕು, ಅಲ್ವಾ? ವ್ಯಾಪಾರದ ನಷ್ಟವನ್ನು 8 ವರ್ಷದವರೆಗೆ ಮುಂದಕ್ಕೆ ಒಯ್ಯಬಹುದು, ಹಾಗಾಗಿ ಉಳಿತಾಯ ಪೂರ್ತಿ ಕೈತಪ್ಪುವುದಿಲ್ಲ, ತಡವಾಗುತ್ತದೆ. ಆ ₹2,51,680 ಎರಡು ವರ್ಷ ತಡವಾಗಿ ಸಿಕ್ಕರೆ, 10% ಲೆಕ್ಕದಲ್ಲಿ ಇವತ್ತಿಗೆ ₹2,08,000 ಮಾತ್ರ. ಅಂಥ ಕಂಪನಿಗೆ ಮೊದಲ ವರ್ಷಗಳಲ್ಲಿ 7.7% ಅಂತ ಬರೆಯುವುದು ತಪ್ಪು. ಹಿಂದಿನ ಎರಡು ಮೂರು ವರ್ಷದ ತೆರಿಗೆ ರಿಟರ್ನ್ ತೆಗೆದು, ನಿಜವಾಗಿ ತೆರಿಗೆ ಕಟ್ಟಿದ್ದಾರಾ ಅಂತ ಮೊದಲು ನೋಡಿ.

ನನ್ನನ್ನು ಜಾಸ್ತಿ ದಿನ ಕಾಡಿದ ತಪ್ಪು ಇನ್ನೊಂದು. ಡಿಸ್ಕೌಂಟ್ ರೇಟ್‌ನಲ್ಲಿ 7.7% ಸೇರಿಸಿದ ಮೇಲೆ, ಯೋಜನೆಯ ವರ್ಷವರ್ಷದ ಹಣದ ಹರಿವಿನಲ್ಲೂ ಬಡ್ಡಿ ಕಳೆಯುತ್ತಿದ್ದೆ. ಆಗ ಬಡ್ಡಿ ಎರಡು ಸಲ ಹೋಗುತ್ತದೆ. ಹರಿವಿನಲ್ಲಿ ಬಡ್ಡಿ ಕಳೆಯದೆ, ತೆರಿಗೆಯನ್ನೂ ಸಾಲವೇ ಇಲ್ಲ ಅನ್ನುವ ಹಾಗೆ ಪೂರ್ತಿ ಲಾಭದ ಮೇಲೆ ಹಾಕಬೇಕು. ಬಡ್ಡಿಯಿಂದ ಉಳಿಯುವ ತೆರಿಗೆ ಆಗಲೇ ಆ 7.7%ನೊಳಗೆ ಬಂದಾಗಿದೆ.