ಪಟ್ಟಿಯಲ್ಲಿ 10 ಇತ್ತು, ಓದಿದವರಿಗೆ ಏನೂ ಸಿಗಲಿಲ್ಲ

ಪ್ರಶ್ನೆ: ‘ಹಂಪಿಯಲ್ಲಿ ನೋಡಲೇಬೇಕಾದ 10 ಜಾಗ’ ಅಂತ ಒಂದು ಬರಹ ಬರೆದೆ. ಓದಿದ ಗೆಳೆಯರು ‘ಚೆನ್ನಾಗಿದೆ, ಆದ್ರೆ ಹೊಸದೇನೂ ಇಲ್ಲ’ ಅಂದರು. ಒಬ್ಬರು ಅದನ್ನೇ ಹಿಡಿದುಕೊಂಡು ಹಂಪಿಗೆ ಹೋಗಿ ಬಂದು, ‘ದಿನವೆಲ್ಲ ಆಟೋದಲ್ಲೇ ಕಳೀತು’ ಅಂತ ಬೈದರು. ಪಟ್ಟಿ ಬರಹದಲ್ಲಿ ಪ್ರತಿ ಅಂಶಕ್ಕೂ ತೂಕ ಬರಬೇಕು, ಕ್ರಮವೂ ಸರಿ ಇರಬೇಕು ಅಂದ್ರೆ ಏನು ಮಾಡಬೇಕು?

ಉತ್ತರ: ನಿಮ್ಮ ಪಟ್ಟಿ ಹೀಗಿತ್ತು: ಕಲ್ಲಿನ ರಥ, ವಿರೂಪಾಕ್ಷ ದೇವಸ್ಥಾನ, ಕಮಲ ಮಹಲ್, ಉಗ್ರನರಸಿಂಹ, ಆನೆ ಲಾಯ, ಕಡಲೆಕಾಳು ಗಣೇಶ, ಸಾಸಿವೆಕಾಳು ಗಣೇಶ, ಬಡವಿಲಿಂಗ, ಮಹಾನವಮಿ ದಿಬ್ಬ, ಹಂಪಿಯ ಸೂರ್ಯಾಸ್ತ. ಹತ್ತನೆಯದನ್ನು ಯಾಕೆ ಹಾಕಿದಿರಿ ಅಂತ ಊಹಿಸಬಲ್ಲೆ. ಒಂಬತ್ತಕ್ಕೆ ಸರಕು ಮುಗಿದಿತ್ತು, ತಲೆಬರಹದಲ್ಲಿ ಆಗಲೇ 10 ಅಂತ ಬರೆದಾಗಿತ್ತು. ನಾನೂ ಇದನ್ನು ಮಾಡಿದವನೇ.

ಮೊದಲು ತೂಕದ ವಿಷಯ. ನಾಲ್ಕನೇ ಅಂಶದಲ್ಲಿ ನೀವು ಬರೆದದ್ದು: ‘ಹಂಪಿಯ ಅದ್ಭುತ ಶಿಲ್ಪಗಳಲ್ಲಿ ಇದೂ ಒಂದು. ವಿಜಯನಗರದ ವೈಭವಕ್ಕೆ ಸಾಕ್ಷಿ. ತಪ್ಪದೇ ನೋಡಿ.’ ಈಗ ‘ಉಗ್ರನರಸಿಂಹ’ ಅನ್ನೋ ಹೆಸರನ್ನು ಹೆಬ್ಬೆರಳಿಂದ ಮುಚ್ಚಿ ಓದಿ. ಅದು ಕಲ್ಲಿನ ರಥಕ್ಕೂ ಹೊಂದುತ್ತೆ, ಬಡವಿಲಿಂಗಕ್ಕೂ ಹೊಂದುತ್ತೆ. ಹೆಸರು ಮುಚ್ಚಿದಾಗಲೂ ಯಾವುದರ ಬಗ್ಗೆ ಬರೆದಿದ್ದು ಅಂತ ಗೊತ್ತಾಗಬೇಕು. ಗೊತ್ತಾಗದಿದ್ದರೆ ಅಲ್ಲಿ ಇನ್ನೂ ಏನೂ ಬರೆದಿಲ್ಲ ಅಂತಲೇ ಲೆಕ್ಕ.

ಅದೇ ಅಂಶವನ್ನು ಹೀಗೆ ಬರೆದು ನೋಡೋಣ: ‘1528ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ ಕೆತ್ತಿದ ಮೂರ್ತಿ, ಎತ್ತರ ಸುಮಾರು 6.7 ಮೀಟರ್. ಎಲ್ಲರೂ ಉಗ್ರನರಸಿಂಹ ಅಂತಾರೆ, ಆದರೆ ಇದು ಲಕ್ಷ್ಮೀನರಸಿಂಹ. ತೊಡೆಯ ಮೇಲೆ ಕೂತಿದ್ದ ಲಕ್ಷ್ಮಿ ಒಡೆದುಹೋಗಿದ್ದಾಳೆ. ನರಸಿಂಹನನ್ನು ಬಳಸಿದ್ದ ಅವಳ ಕೈ ಮಾತ್ರ ಅವನ ಬೆನ್ನ ಮೇಲೆ ಉಳಿದಿದೆ. ಮುಂದೆ ನಿಂತು ಫೋಟೊ ತೆಗೆದುಕೊಂಡು ಹೊರಡುವವರಿಗೆ ಅದು ಕಾಣೋದೇ ಇಲ್ಲ.’

ಉದ್ದ ಜಾಸ್ತಿಯಾಯ್ತು, ನಿಜ. ಆದರೆ ತೂಕ ಬಂದದ್ದು ಉದ್ದದಿಂದ ಅಲ್ಲ, ಆ ಕೈಯಿಂದ. ಅಲ್ಲಿಗೆ ಹೋದವರು ಏನನ್ನು ನೋಡಬೇಕು, ಯಾವುದು ಕಣ್ಣು ತಪ್ಪುತ್ತೆ ಅನ್ನೋದನ್ನು ಅದು ಹೇಳುತ್ತೆ. ಪ್ರತಿ ಅಂಶಕ್ಕೂ ಇಂಥ ಒಂದು ಸಂಗತಿ ನಿಮ್ಮ ಹತ್ತಿರ ಇರಬೇಕು. ಕಲ್ಲಿನ ರಥಕ್ಕೂ ಇದೆ. 50 ರೂಪಾಯಿ ನೋಟಿನ ಮೇಲಿರೋ ರಥ ಅಂತ ಎಲ್ಲರೂ ಬರೀತಾರೆ. ಆದರೆ ಮುಂದಿರೋ ಆನೆಗಳು ಮೊದಲಿನವಲ್ಲ. ಅಲ್ಲಿದ್ದದ್ದು ಕುದುರೆಗಳು. ಆನೆಗಳ ಹಿಂದೆ ಬಗ್ಗಿ ನೋಡಿದರೆ ಆ ಕುದುರೆಗಳ ಹಿಂಗಾಲು, ಬಾಲದ ಗುರುತು ಈಗಲೂ ಕಾಣುತ್ತೆ.

ಇಂಥ ಸಂಗತಿ ಹುಡುಕಲು ಕೂತಾಗಲೇ ಪಟ್ಟಿ ತಾನಾಗಿ ಕಿರಿದಾಗುತ್ತೆ. ಬಡವಿಲಿಂಗದ ಬಗ್ಗೆ ಹೇಳೋದೇನು? ಸುಮಾರು ಮೂರು ಮೀಟರ್ ಎತ್ತರದ ಲಿಂಗ, ನೀರಿನಲ್ಲಿ ನಿಂತಿದೆ, ನರಸಿಂಹನ ಪಕ್ಕದಲ್ಲೇ ಇದೆ. ಅಂದಮೇಲೆ ಎರಡೂ ಒಂದೇ ಅಂಶ. ಕಮಲ ಮಹಲ್ ಮತ್ತು ಆನೆ ಲಾಯವೂ ಹಾಗೇ. ಒಂದೇ ಟಿಕೆಟ್ಟಿನಲ್ಲಿ ಒಳಗೆ ಹೋಗಿ ಎರಡನ್ನೂ ನೋಡಿ ಬರ್ತೀವಿ, ಬಿಡಿಸಿ ಬರೆದರೆ ಸುಮ್ನೆ ಸಂಖ್ಯೆ ಬೆಳೆಯುತ್ತೆ. ಇಬ್ಬರು ಗಣೇಶರನ್ನು ಸೇರಿಸುವಾಗ ಮಾತ್ರ ಎಚ್ಚರ. ಇಬ್ಬರೂ ಹೇಮಕೂಟದ ಇಳಿಜಾರಿನಲ್ಲಿದ್ದಾರೆ, ಆದರೆ ಅವರು ಒಂದೇ ಥರ ಇಲ್ಲ. ಕಡಲೆಕಾಳು ಗಣೇಶ ದೊಡ್ಡವನು, ಗರ್ಭಗುಡಿಯೊಳಗೆ ಇದ್ದಾನೆ. ಸಾಸಿವೆಕಾಳು ಗಣೇಶ ತೆರೆದ ಮಂಟಪದಲ್ಲಿದ್ದಾನೆ. ಅವನ ಹಿಂಬದಿಗೆ ಹೋದರೆ ಹೆಂಗಸೊಬ್ಬಳ ಬೆನ್ನು ಕಾಣುತ್ತೆ. ತಾಯಿಯ ತೊಡೆಯ ಮೇಲೆ ಕೂತ ಮಗು ಅಂತಾರೆ ಅದನ್ನು. ಒಂದೇ ಅಂಶದಲ್ಲಿ ಹಾಕಿ, ಆದರೆ ಈ ವ್ಯತ್ಯಾಸ ಉಳಿಸಿಕೊಳ್ಳಿ.

ಸೂರ್ಯಾಸ್ತವನ್ನು ತೆಗೆದುಬಿಡಿ. ಅದು ಜಾಗ ಅಲ್ಲ, ಹೊತ್ತು. ‘ನೋಡಲೇಬೇಕಾದ ಜಾಗ’ ಅಂತ ತಲೆಬರಹ ಇಟ್ಟಮೇಲೆ ಎಲ್ಲ ಅಂಶಗಳೂ ಒಂದೇ ಜಾತಿಯವಾಗಿರಬೇಕು. ಒಂದು ಜಾಗ, ಒಂದು ಹೊತ್ತು, ಒಂದು ತಿಂಡಿ ಅಂತ ಬೆರೆತರೆ ಓದುವವರಿಗೆ ಅಲ್ಲೇ ಅನುಮಾನ ಬರುತ್ತೆ.

ಈಗ ಕ್ರಮ. ನಿಮ್ಮ ಗೆಳೆಯರು ಆಟೋದಲ್ಲಿ ದಿನ ಕಳೆದದ್ದು ಇದರಿಂದಲೇ. ಮೊದಲ ಅಂಶ ಕಲ್ಲಿನ ರಥ, ಅದು ವಿಠ್ಠಲ ದೇವಸ್ಥಾನದಲ್ಲಿದೆ. ಎರಡನೆಯದು ವಿರೂಪಾಕ್ಷ. ನಕ್ಷೆಯಲ್ಲಿ ಎರಡೂ ಹತ್ತಿರ ಹತ್ತಿರ. ಹೊಳೆ ದಂಡೆಯ ಕಾಲುದಾರಿಯಲ್ಲಿ ಸುಮಾರು ಎರಡು ಕಿ.ಮೀ. ಅಷ್ಟೇ. ಆದರೆ ಆಟೋ ಆ ದಾರಿಯಲ್ಲಿ ಬರಲ್ಲ. ಕಮಲಾಪುರದ ಕಡೆಯಿಂದ ಸುತ್ತಬೇಕು, ಅದು ಹತ್ತಿರ ಹತ್ತು ಕಿ.ಮೀ. ಆಗುತ್ತೆ. ಮೂರನೆಯದಾದ ಕಮಲ ಮಹಲ್ ಮತ್ತೆ ಆ ಕಡೆಗೇ. ನಾಲ್ಕನೇ ನರಸಿಂಹನಿಗೆ ಮತ್ತೆ ವಾಪಸ್. ಪಾಪ, ಅವರು ನಿಮ್ಮ ಅಂಕಿಗಳನ್ನು ನಂಬಿದರು.

ಅಂಕಿ ಹಾಕಿದ ಕೂಡಲೇ ಓದುವವರು ಅದರಲ್ಲಿ ಒಂದು ಅರ್ಥ ಹುಡುಕುತ್ತಾರೆ. ಯಾವ ಅರ್ಥ ಅಂತ ನೀವೇ ಮೊದಲು ತೀರ್ಮಾನಿಸಿ. ಹೀಗೆ ಪರೀಕ್ಷೆ ಮಾಡಿ: ಒಂದೊಂದು ಅಂಶವನ್ನು ಒಂದೊಂದು ಚೀಟಿಯಲ್ಲಿ ಬರೆದು ಇಸ್ಪೀಟಿನ ಹಾಗೆ ಕಲೆಸಿ. ಹೊಸ ಕ್ರಮದಲ್ಲಿ ಓದಿದರೂ ಏನೂ ಕೆಡದಿದ್ದರೆ ನಿಮ್ಮ ಪಟ್ಟಿಗೆ ಕ್ರಮವೇ ಇರಲಿಲ್ಲ.

ಒಂದು ದಿನಕ್ಕೆ ಹಂಪಿ ನೋಡುವವರಿಗೆ ಬರೆಯೋದಾದರೆ ಕ್ರಮ ಅಂದ್ರೆ ದಾರಿ. ಬೆಳಗ್ಗೆ ವಿರೂಪಾಕ್ಷ. ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವ ಕತ್ತಲೆ ಕೋಣೆ ಅಲ್ಲೇ ಇದೆ. ಪಕ್ಕದ ಹೇಮಕೂಟ ಹತ್ತಿ ಇಳಿದರೆ ಗಣೇಶರು. ಅದೇ ರಸ್ತೆಯಲ್ಲಿ ಮುಂದೆ ಕೃಷ್ಣ ದೇವಸ್ಥಾನ. ಇದು ನಿಮ್ಮ ಪಟ್ಟಿಯಲ್ಲೇ ಇರಲಿಲ್ಲ. ದಾರಿ ಹಿಡಿದು ಬರೆದಾಗ ಬಿಟ್ಟುಹೋದದ್ದು ಹೀಗೆ ತಾನಾಗಿ ಸಿಗುತ್ತೆ. ಉದಯಗಿರಿಯಿಂದ ತಂದ ಬಾಲಕೃಷ್ಣನಿಗಾಗಿ 1515ರಲ್ಲಿ ಕಟ್ಟಿಸಿದ ಗುಡಿ ಅದು, ಮೂರ್ತಿ ಈಗ ಚೆನ್ನೈನ ಮ್ಯೂಸಿಯಂನಲ್ಲಿದೆ. ಆಮೇಲೆ ನರಸಿಂಹ ಮತ್ತು ಬಡವಿಲಿಂಗ. ಅಲ್ಲಿಂದ ಮಹಾನವಮಿ ದಿಬ್ಬ, ಜೊತೆಗೆ ಅದರ ಹತ್ತಿರದ ಮೆಟ್ಟಿಲು ಪುಷ್ಕರಣಿ. ಅದರ ಕಲ್ಲುಗಳ ಮೇಲೆ ಯಾವ ಕಲ್ಲು ಎಲ್ಲಿ ಕೂರಬೇಕು ಅನ್ನೋ ಗುರುತುಗಳಿವೆ, ಬಗ್ಗಿ ನೋಡಿ. ನಂತರ ಕಮಲ ಮಹಲ್ ಮತ್ತು ಆನೆ ಲಾಯ, ಕೊನೆಗೆ ವಿಠ್ಠಲ. ಕಮಲ ಮಹಲ್‌ಗೆ ತೆಗೆದುಕೊಂಡ ಟಿಕೆಟ್ ಅದೇ ದಿನ ವಿಠ್ಠಲಕ್ಕೂ ನಡೆಯುತ್ತೆ. ಹಾಗಾಗಿ ಆ ಎರಡು ಅಂಶಗಳು ಅಕ್ಕಪಕ್ಕ ಇರೋದಕ್ಕೆ ದಾರಿಯ ಜೊತೆಗೆ ಇನ್ನೊಂದು ಕಾರಣವೂ ಸಿಕ್ಕಿತು.

ಇತಿಹಾಸ ಇಷ್ಟಪಡುವವರಿಗೆ ಬರೆಯೋದಾದರೆ ದಾರಿ ಬಿಟ್ಟು ಕಾಲ ಹಿಡಿಯಬಹುದು: ಹೇಮಕೂಟದ ಹಳೆಯ ಗುಡಿಗಳು, ಆಮೇಲೆ 1515ರ ಕೃಷ್ಣ ದೇವಸ್ಥಾನ, ಆಮೇಲೆ 1528ರ ನರಸಿಂಹ. ಎರಡೂ ಸರಿ. ಅರ್ಧ ಪಟ್ಟಿ ದಾರಿಯ ಮೇಲೆ, ಅರ್ಧ ಕಾಲದ ಮೇಲೆ ನಡೆದರೆ ಮಾತ್ರ ಕೆಡುತ್ತೆ. ‘ಮಿಕ್ಸಿ ಓಡದಿದ್ದರೆ ನೋಡಬೇಕಾದ್ದು’ ಅನ್ನೋ ಥರದ ಪಟ್ಟಿಗೆ ಇವೆರಡೂ ಬೇಡ. ಅಲ್ಲಿ ಸುಲಭಕ್ಕೆ ನೋಡಬಹುದಾದದ್ದು ಮೊದಲು: ಪ್ಲಗ್ಗು, ಜಾರು ಸರಿಯಾಗಿ ಕೂತಿದೆಯಾ, ತಳದ ಕೆಂಪು ಗುಂಡಿ, ಆಮೇಲೆ ರಿಪೇರಿ ಅಂಗಡಿ.

ತಲೆಬರಹ ಕೊನೆಗೆ. ನಿಮ್ಮ ಹತ್ತು ಈಗ ಏಳಾಗಿದೆ, ಕೃಷ್ಣ ದೇವಸ್ಥಾನವೂ ಸೇರಿ. ‘ವಿರೂಪಾಕ್ಷನಿಂದ ಕಲ್ಲಿನ ರಥದವರೆಗೆ: ಒಂದು ದಿನದ ಹಂಪಿ, 7 ನಿಲುಗಡೆ’ ಅಂತ ಇಡಿ. ಮೊದಲ ಪ್ಯಾರಾದಲ್ಲೇ ‘ಇದೇ ಕ್ರಮದಲ್ಲಿ ಹೋಗಿ’ ಅಂತ ಒಂದು ಸಾಲು ಸೇರಿಸಿ. ಬೈದ ಗೆಳೆಯರಿಗೂ ಒಂದು ಪ್ರತಿ ಕಳಿಸಿ.