ಮೇಸ್ತ್ರಿ ಹೇಳಿದ ಐವತ್ತಾರು ದಿನ

ಮಂಡ್ಯದಲ್ಲಿ ಒಬ್ಬರ ಮನೆಗೆ ತಾರಸಿ ಹಾಕಿ ಆಗಿತ್ತು. ಉಳಿದದ್ದು ಗಾರೆ, ಟೈಲ್ಸ್, ಬಾಗಿಲು–ಕಿಟಕಿ, ಬಣ್ಣ, ಒಂದಾದ ಮೇಲೊಂದು. ಜನವರಿ 5ಕ್ಕೆ ಶುರು. "ಐವತ್ತಾರು ದಿನ ಸಾ, ಮಾರ್ಚಿ ಒಂದಕ್ಕೆ ಬೀಗದ ಕೈ ಕೊಡ್ತೀನಿ" ಅಂದರು ಮೇಸ್ತ್ರಿ. ಮನೆಯವರು ಆಗಲೇ ಗೃಹಪ್ರವೇಶಕ್ಕೆ ದಿನ ನೋಡಿಸಲು ಹೊರಟಿದ್ದರು. ಒಂದು ವಾರ ತಡೆಯಿರಿ ಅಂದೆ.

ಒಂದೊಂದು ಕೆಲಸಕ್ಕೂ ಮೂರು ಲೆಕ್ಕ ಕೇಳಿದೆ. ಮೊದಲು ಕೇಳಿದ್ದು ತೀರಾ ಕೆಟ್ಟರೆ ಎಷ್ಟು ದಿನ ಅಂತ. ಸಾಧಾರಣ ಲೆಕ್ಕ ಮೊದಲು ಬಾಯಿಗೆ ಬಂದರೆ ಕೆಟ್ಟ ಲೆಕ್ಕವೂ ಅದರ ಪಕ್ಕದಲ್ಲೇ ಕೂತುಬಿಡುತ್ತದೆ. ಮರಗೆಲಸಕ್ಕೆ ಸಿಕ್ಕಿದ್ದು: ಕೆಟ್ಟರೆ 42, ಸಲೀಸಾದರೆ 10, ಸಾಮಾನ್ಯವಾಗಿ 14. ಸಾಮಾನ್ಯ ಲೆಕ್ಕವನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿ, ಆರರಿಂದ ಭಾಗಿಸಿದರೆ 18. ಪರ್ಟ್ ಅನ್ನುವ ಈ ಪದ್ಧತಿ 1958ರ ಸುಮಾರಿಗೆ ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಯಲ್ಲಿ ಹುಟ್ಟಿದ್ದು. ಮನೆ ಬಾಗಿಲಿಗೂ ನಡೆಯುತ್ತದೆ.

ಹಾಗೇ ಗಾರೆಗೆ 22, ಟೈಲ್ಸಿಗೆ 13, ಬಣ್ಣಕ್ಕೆ 11 ಬಂತು. ಒಟ್ಟು 64 ದಿನ. ಮೇಸ್ತ್ರಿ ಸುಳ್ಳು ಹೇಳಿರಲಿಲ್ಲ, ನಾಲ್ಕು ಸಾಮಾನ್ಯ ಲೆಕ್ಕಗಳನ್ನಷ್ಟೇ ಕೂಡಿದ್ದರು. ಮರಗೆಲಸ ಬೇಗ ಮುಗಿದರೆ ನಾಲ್ಕು ದಿನ ಉಳಿಯಬಹುದು, ಕೆಟ್ಟರೆ ತಿಂಗಳೇ ಹೋಗಬಹುದು. ಆ ಓರೆ ಅವರ ಮೊತ್ತದಲ್ಲಿ ಇರಲಿಲ್ಲ.

ಇನ್ನು ಏರುಪೇರು. ಕೆಟ್ಟ ಲೆಕ್ಕದಿಂದ ಸಲೀಸು ಲೆಕ್ಕ ಕಳೆದು ಆರರಿಂದ ಭಾಗಿಸಬೇಕು. ಮರಗೆಲಸಕ್ಕೆ ಅದು 5.3 ದಿನ, ಗಾರೆಗೆ 3.7, ಟೈಲ್ಸಿಗೆ 2, ಬಣ್ಣಕ್ಕೆ 1.7. ಇವನ್ನು ಸುಮ್ಮನೆ ಕೂಡುವಂತಿಲ್ಲ. ಒಂದೊಂದರ ವರ್ಗ ಮಾಡಿ, ಕೂಡಿ, ವರ್ಗಮೂಲ ತೆಗೆದರೆ ಸುಮಾರು 7. ಅಂದರೆ 64ರ ಆಚೀಚೆ ಏಳೇಳು ದಿನ: 57ರಿಂದ 71 ದಿನ, ಮಾರ್ಚ್ 2ರಿಂದ 16. ಕೆಲಸವೆಲ್ಲ ಈ ನಡುವೆ ಮುಗಿಯುವ ಸಾಧ್ಯತೆ ಮೂರರಲ್ಲಿ ಎರಡು ಪಾಲು. ಮಾರ್ಚ್ 1ರೊಳಗೆ ಮುಗಿಯುವ ಸಾಧ್ಯತೆ ಎಂಟರಲ್ಲಿ ಒಂದರಷ್ಟು. ನಾಲ್ಕೇ ಕೆಲಸ ಇರುವುದರಿಂದ ಇದೆಲ್ಲ ಅಂದಾಜೇ.

ಆದರೆ ವರ್ಗಮೂಲದ ಲೆಕ್ಕ ನಿಲ್ಲುವುದು ಒಂದರ ತಡ ಇನ್ನೊಂದಕ್ಕೆ ಅಂಟದಿದ್ದರೆ ಮಾತ್ರ. ಅದಕ್ಕೇ "ಕೆಟ್ಟರೆ ಯಾಕೆ ಕೆಡುತ್ತೆ?" ಅಂತ ಪ್ರತಿಯೊಂದಕ್ಕೂ ಕೇಳಿ ಬರೆದುಕೊಳ್ಳುತ್ತೇನೆ. ಇಲ್ಲಿ ನಾಲ್ಕಕ್ಕೂ ಒಂದೇ ಉತ್ತರ: ಸಾಲದ ಕಂತು ಕೈಗೆ ಬರುವುದು ತಡವಾದರೆ. ಕಾರಣ ಒಂದೇ ಆದಮೇಲೆ ಏರುಪೇರುಗಳನ್ನು ನೇರವಾಗಿ ಕೂಡಬೇಕು. 7 ಇದ್ದದ್ದು 13ರ ಹತ್ತಿರ ಹೋಯಿತು, ಮೇಲ್ತುದಿ 77 ದಿನಕ್ಕೆ, ಅಂದರೆ ಮಾರ್ಚ್ 22ಕ್ಕೆ ಸರಿಯಿತು.

ಮನೆಯವರಿಗೆ ಮಾರ್ಚ್ 16, ಮಾರ್ಚ್ 22 ಎರಡೂ ಮೇಲ್ತುದಿ ಬರೆದುಕೊಟ್ಟೆ. ಜೋಯಿಸರ ಬಳಿ ಹೋಗುವ ಮೊದಲು ಅವರು ಸಾಲದ ಕಂತು ವಿಚಾರಿಸಲು ಬ್ಯಾಂಕಿಗೆ ಹೋದರು.